ಬರೀ ‘ಲಾಗೌಟ್ ಮಾಡಿ’ ಅಂದರೆ ಯಾರಿಗೆ ಅರ್ಥವಾಗುತ್ತೆ?

ಪಿಯು ಕಾಲೇಜಿನ ಪಕ್ಕ ನಮ್ಮದೊಂದು ಸೈಬರ್ ಇದೆ. ಜೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಆಪ್ಷನ್ ಎಂಟ್ರಿ, ಎಲ್ಲಾ ಇಲ್ಲೇ. ಗೋಡೆ ಮೇಲೆ ರೇಟಿನ ಪಟ್ಟಿ ಪಕ್ಕ Please logout after use ಅಂತ ಒಂದು ಹಾಳೆ ಇತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಓದಿದವರಿಗೂ ಯಾವುದರಿಂದ ಲಾಗೌಟ್ ಆಗಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಈ ವಾರ ಅದನ್ನು ಕಿತ್ತು ಕನ್ನಡದಲ್ಲಿ ಹೊಸದು ಬರೆದೆ. ಬರೆಯುವಾಗ ಅನಿಸಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಅಂಗಡಿ ಇಟ್ಟವರಿಗೂ ಬರುವವರಿಗೂ ಬೇಕಾದ ವಿಷಯ.

ಒಬ್ಬ ಹುಡುಗ ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಬಂದ ಅಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅವನ ಫೋನಿನಲ್ಲಿದೆ. web.whatsapp.com ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿ ಅದನ್ನು ಇಳಿಸಿಕೊಳ್ಳುತ್ತಾನೆ. ಓಟಿಪಿ ಹಾಕಿ ಆಧಾರ್ ಪಿಡಿಎಫ್ ಡೌನ್‌ಲೋಡ್ ಮಾಡುತ್ತಾನೆ. ಜಿಮೇಲ್ ತೆರೆಯುತ್ತಾನೆ. ಪಾಸ್‌ವರ್ಡ್ ಉಳಿಸಲೇ ಅಂತ ಕ್ರೋಮ್ ಕೇಳುತ್ತದೆ. ಆ ಚೌಕ ಅಡ್ಡ ಬಂತು ಅಂತ Save ಒತ್ತಿಬಿಡುತ್ತಾನೆ. ಪ್ರಿಂಟ್ ಬಂತು, ದುಡ್ಡು ಕೊಟ್ಟ, ಮೇಲಿನ X ಒತ್ತಿ ಹೋದ. ಅವನ ಲೆಕ್ಕದಲ್ಲಿ ಎಲ್ಲಾ ಮುಗಿಯಿತು.

ಆದರೆ ವಿಂಡೋ ಮುಚ್ಚುವುದು ಬೇರೆ, ಲಾಗೌಟ್ ಬೇರೆ. ಯಾರು ಒಳಗೆ ಬಂದಿದ್ದಾರೆ ಅನ್ನುವ ಗುರುತನ್ನು ಬ್ರೌಸರ್ ಒಂದು ಕುಕಿಯಲ್ಲಿ ಇಟ್ಟುಕೊಂಡಿರುತ್ತದೆ. X ಒತ್ತಿದರೆ ಅದು ಹೋಗಲ್ಲ. ಮುಂದಿನವರು gmail.com ಅಂತ ಟೈಪ್ ಮಾಡಿದರೆ ಇವನ ಇನ್‌ಬಾಕ್ಸೇ ತೆರೆಯುತ್ತದೆ. ವಾಟ್ಸಾಪ್ ವೆಬ್ಬೂ ಹಾಗೇ, ಮನೆಮಂದಿಯ ಚಾಟ್ ಎಲ್ಲಾ ಎದುರಿಗೆ.

ಇದಕ್ಕಿಂತ ನನಗೆ ಹೆದರಿಕೆ Downloads ಫೋಲ್ಡರ್‌ನದು. ಅದರ ಕಡೆ ಯಾರ ಗಮನವೂ ಹೋಗಲ್ಲ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಇದೆ ನಿಜ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ಆಮೇಲೆ ಹುಟ್ಟಿದ ಇಸವಿ. ಅದೇ ಫೋಲ್ಡರ್‌ನಲ್ಲಿ ಪಕ್ಕದಲ್ಲೇ ಮಾರ್ಕ್ಸ್ ಕಾರ್ಡ್ ಕೂತಿದೆ. ಅದರಲ್ಲಿ ಹೆಸರೂ ಇದೆ, ಹುಟ್ಟಿದ ದಿನಾಂಕವೂ ಇದೆ. ಬೀಗ ಹಾಕಿ ಕೀ ಅದರ ಪಕ್ಕವೇ ನೇತು ಹಾಕಿದ ಹಾಗೆ, ಅಲ್ವಾ?

ಇನ್ನು ಅಳಿಸುವ ವಿಷಯ. ಇಲ್ಲಿ ಅನುಕ್ರಮ ಮುಖ್ಯ, ಅದನ್ನು ಯಾವ ನೋಟಿಸೂ ಹೇಳಲ್ಲ. ಬರೀ ಹಿಸ್ಟರಿ ಅಳಿಸಿದರೆ ಉಳಿಸಿದ ಪಾಸ್‌ವರ್ಡ್ ಹೋಗಲ್ಲ. ಹೋಗಲಿ, ಎಲ್ಲಾ ಅಳಿಸೋಣ ಅಂತ ಅವಸರಕ್ಕೆ ಹೋದರೆ ಇನ್ನೊಂದು ತಾಪತ್ರಯ. ಜಿಮೇಲ್ ಜೊತೆಗೆ ಕ್ರೋಮ್‌ಗೂ ಸೈನ್ ಇನ್ ಆಗಿದ್ದರೆ, ಅಲ್ಲಿ ಕಾಣುವ ಪಾಸ್‌ವರ್ಡ್‌ಗಳಲ್ಲಿ ಬಹಳಷ್ಟು ಆ ಗೂಗಲ್ ಖಾತೆಯಲ್ಲೇ ಇರುತ್ತವೆ. ಅವನ್ನು ಅಳಿಸಿದರೆ ಫೋನಿನಲ್ಲೂ ಹೋಗುತ್ತವೆ. ಮನೆಗೆ ಹೋದ ಮೇಲೆ ಫೋನಿನಲ್ಲಿ ಯಾವುದೂ ಲಾಗಿನ್ ಆಗ್ತಿಲ್ಲ ಅಂತ ಒದ್ದಾಡಬೇಕಾಗುತ್ತದೆ. ಅದಕ್ಕೆ ಮೊದಲು ಖಾತೆಯಿಂದ Sign out. ಆಮೇಲೆ ಅಡ್ರೆಸ್ ಬಾರ್‌ನಲ್ಲಿ chrome://password-manager/passwords ಅಂತ ಹಾಕಿ ನೋಡಬೇಕು. ಸೈನ್ ಔಟ್ ಆದ ಮೇಲೂ ಅಲ್ಲಿ ನಿಮ್ಮದೇನಾದರೂ ಉಳಿದಿದ್ದರೆ ಅದು ಆ ಕಂಪ್ಯೂಟರ್‌ನಲ್ಲಿ ಉಳಿದಿರುವುದು. ಅದನ್ನು ಧೈರ್ಯವಾಗಿ ಅಳಿಸಿ.

ಇಷ್ಟೆಲ್ಲಾ ಗಿರಾಕಿಯೇ ಮಾಡಲಿ ಅನ್ನುವುದು ನನಗೆ ಸರಿ ಕಾಣಲ್ಲ. ಪಹಣಿ ತೆಗೆಸೋಕೆ ಬಂದ ಅಜ್ಜನಿಗೆ ಕುಕಿ ಬಗ್ಗೆ ಪಾಠ ಹೇಳೋಕಾಗುತ್ತಾ? ಅಂಗಡಿಯವರ ಕೈಯಲ್ಲೇ ಒಂದು ಸುಲಭದ ದಾರಿ ಇದೆ. ಕ್ರೋಮ್‌ನಲ್ಲಿ Guest ಅಂತ ಒಂದು ಮೋಡ್ ಇದೆ. ಅದರಲ್ಲಿ ಪಾಸ್‌ವರ್ಡ್ ಉಳಿಸಲೇ ಅಂತ ಕೇಳುವುದೇ ಇಲ್ಲ. ಗೆಸ್ಟ್ ವಿಂಡೋಗಳನ್ನೆಲ್ಲಾ ಮುಚ್ಚಿದರೆ ಕುಕಿ, ಹಿಸ್ಟರಿ ಎಲ್ಲಾ ಹೋಗುತ್ತವೆ. ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ, Properties ಒಳಗೆ Target ಜಾಗದಲ್ಲಿ ಹೀಗೆ ಹಾಕಿ:

```
"C:\Program Files\Google\Chrome\Application\chrome.exe" --guest
```

ಆಮೇಲೆ ಆ ಐಕಾನ್ ಒತ್ತಿದಾಗಲೆಲ್ಲಾ ಗೆಸ್ಟ್ ವಿಂಡೋ ತೆರೆಯುತ್ತದೆ. ಡೌನ್‌ಲೋಡ್ ಆದ ಫೈಲುಗಳು ಮಾತ್ರ ಇದರಲ್ಲೂ ಉಳಿಯುತ್ತವೆ, ಅವನ್ನು ಕೈಯಾರೆ ಅಳಿಸಬೇಕು. ಇನ್ನೊಂದು ಮಾತು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಯಾವ ವೆಬ್‌ಸೈಟ್‌ಗಳನ್ನು ನೋಡಿದರು ಅನ್ನುವ ದಾಖಲೆಯನ್ನು ಅಂಗಡಿಯವರು ಕನಿಷ್ಠ 1 ವರ್ಷ ಇಟ್ಟುಕೊಳ್ಳಬೇಕು. ಬ್ರೌಸರ್ ಹಿಸ್ಟರಿಯನ್ನೇ ನಂಬಿಕೊಂಡರೆ ಆಗಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಗಿರಾಕಿಗಳೂ ಇದನ್ನು ತಿಳಿದಿರಲಿ: ನೀವು ಹಿಸ್ಟರಿ ಅಳಿಸಿದರೆ ಪಕ್ಕದವರಿಗೆ ಕಾಣಲ್ಲ ಅಷ್ಟೇ.

ಕೀಬೋರ್ಡ್ ಸಂಗತಿಗೆ ಬರೋಣ. ನೋಟಿಸ್‌ನಲ್ಲಿ ಇದೂ ಯಾಕೆ ಅಂತ ನಮ್ಮ ಹುಡುಗ ಕೇಳಿದ. ಖಾರಾ ಬೂಂದಿ ತಿಂದ ಕೈ, ಚಹಾ ಚೆಲ್ಲಿದ ಕೀ. Shift ಅಂಟಿಕೊಂಡರೆ ಪಾಸ್‌ವರ್ಡ್ ತಪ್ಪಾಗುತ್ತದೆ. ತಪ್ಪಾಯ್ತು ಅಂತ ಜನ ಕಣ್ಣಿನ ಗುರುತು ಒತ್ತಿ ಪಾಸ್‌ವರ್ಡ್ ಕಾಣುವ ಹಾಗೆ ಟೈಪ್ ಮಾಡುತ್ತಾರೆ, ಹಿಂದೆ ಸರತಿಯಲ್ಲಿ ಜನ ನಿಂತಿರುತ್ತಾರೆ. ಹಾಗಾಗಿ ಇದೂ ಅದೇ ವಿಷಯವೇ.

ಒರೆಸುವುದು ಹೀಗೆ. ಕಂಪ್ಯೂಟರ್ ಆಫ್ ಮಾಡಿ, ಕೀಬೋರ್ಡಿನ ವೈರ್ ಕಿತ್ತು, ಬೋರಲು ಹಾಕಿ ಮೆಲ್ಲಗೆ ತಟ್ಟಿ. ಪುಡಿಯೆಲ್ಲಾ ಬೀಳುತ್ತದೆ. 70% ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಬಟ್ಟೆಗೆ ಹಾಕಿ ಒರೆಸಿ, ಕೀಬೋರ್ಡ್ ಮೇಲೆ ನೇರವಾಗಿ ಸುರಿಯಬೇಡಿ. 99% ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳಬಹುದು. ಅದು ತುಂಬಾ ಬೇಗ ಆರಿಹೋಗುತ್ತದೆ, ಕ್ರಿಮಿ ಸಾಯೋಕೆ ಸ್ವಲ್ಪ ನೀರೂ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡವೇ ಬೇಡ, ಅದು ಆರಿದ ಮೇಲೆ ಜಿಗಟು ಉಳಿಯುತ್ತದೆ. ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದರೆ ಅದರ ಮೇಲೆ ಜೋರಾಗಿ ಉಜ್ಜಬೇಡಿ, ಗೋಂದು ಬಿಟ್ಟುಕೊಳ್ಳುತ್ತದೆ.

ವೈರ್ ಕಿತ್ತು ಒರೆಸಿ ಅಂತ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಕೀಲಾಗರ್ ಅನ್ನುವ ಒಂದು ಪುಟ್ಟ ಸಾಧನ ಇದೆ, ನೋಡೋಕೆ ಪೆನ್‌ಡ್ರೈವ್ ತರಹ. ಅದನ್ನು ಕೀಬೋರ್ಡ್ ವೈರಿಗೂ ಸಿಪಿಯುಗೂ ನಡುವೆ ಸಿಕ್ಕಿಸಿದರೆ ಒತ್ತಿದ ಪ್ರತಿ ಅಕ್ಷರವೂ ದಾಖಲಾಗುತ್ತದೆ. ಆಂಟಿವೈರಸ್‌ಗೆ ಸಾಮಾನ್ಯವಾಗಿ ಅದು ಕಾಣಲ್ಲ. ಸಿಪಿಯು ಹಿಂದೆ ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತದೆ. ವಾರಕ್ಕೊಮ್ಮೆ ಒರೆಸುವವರು ವಾರಕ್ಕೊಮ್ಮೆ ಅಲ್ಲಿ ನೋಡಿದ ಹಾಗೂ ಆಯ್ತು. ಹಾಗಂತ ಕಂಪ್ಯೂಟರ್ ಒಳಗೇ ಕೂತ ಕೀಲಾಗರ್ ತಂತ್ರಾಂಶ ಇದ್ದರೆ ಲಾಗೌಟ್ ಮಾಡಿದರೂ, ಗೆಸ್ಟ್ ಮೋಡ್ ಇದ್ದರೂ ತಡೆಯೋಕಾಗಲ್ಲ. ಅದಕ್ಕೇ ಬ್ಯಾಂಕಿನ ಕೆಲಸ ಇಲ್ಲಿ ಮಾಡಬೇಡಿ ಅಂತ ನಾನೇ ಹೇಳುತ್ತೇನೆ, ನಮ್ಮ ವ್ಯಾಪಾರ ಹೋದರೂ ಪರವಾಗಿಲ್ಲ.

ಈಗ ನೋಟಿಸ್:

“ಏಳುವ ಮೊದಲು ಒಂದು ನಿಮಿಷ. ವಾಟ್ಸಾಪ್‌ನಲ್ಲಿ Log out ಒತ್ತಿ. ಜಿಮೇಲ್‌ನಲ್ಲಿ ನಿಮ್ಮ ಫೋಟೋ ಒತ್ತಿ, Sign out ಮಾಡಿ. ಪಾಸ್‌ವರ್ಡ್ ಉಳಿಸಲೇ ಅಂತ ಕೇಳಿದರೆ ಬೇಡ ಅನ್ನಿ. ತಪ್ಪಿ ಉಳಿಸಿದ್ದರೆ ನಮ್ಮನ್ನು ಕರೆಯಿರಿ, ನಿಮ್ಮೆದುರೇ ಅಳಿಸುತ್ತೇವೆ. Downloads‌ನಲ್ಲಿರುವ ನಿಮ್ಮ ಫೈಲ್ ಆಯ್ದು Shift+Delete ಒತ್ತಿ. ತಿಂಡಿ, ಚಹಾ ಹೊರಗೆ. ಕೈ ಒರೆಸೋಕೆ ಬಟ್ಟೆ ಕೌಂಟರ್‌ನಲ್ಲಿದೆ. ಮರೆತು ಮನೆಗೆ ಹೋದಿರಾ? ಫೋನಿನ ವಾಟ್ಸಾಪ್‌ನಲ್ಲಿ Linked devices, ಗೂಗಲ್ ಖಾತೆಯ Security ಒಳಗೆ Your devices ನೋಡಿ, ಅಲ್ಲಿಂದಲೇ ಲಾಗೌಟ್ ಮಾಡಿ. ಪಾಸ್‌ವರ್ಡ್ ಉಳಿಸಿದ್ದರೆ ಅದನ್ನೂ ಬದಲಾಯಿಸಿ.”

ಇದನ್ನು ಗೋಡೆಗೆ ಹಾಕಿಲ್ಲ. ಪ್ರತಿ ಮಾನಿಟರ್ ಕೆಳಗೆ, ಕೀಬೋರ್ಡ್ ಮೇಲೆ ಕಣ್ಣು ಹೋಗುವಲ್ಲಿ ಅಂಟಿಸಿದ್ದೇನೆ. ಅಂಗಡಿ ಇಟ್ಟವರು ಯಾರಾದರೂ ಕಾಪಿ ಮಾಡಿಕೊಳ್ಳಬಹುದು, ಹೆಸರು ಹಾಕುವುದೇನೂ ಬೇಡ. ಲ್ಯಾಮಿನೇಷನ್ ಮಾತ್ರ ಮಾಡಿಸಿ, ಇಲ್ಲದಿದ್ದರೆ ಒರೆಸುವಾಗ ಆಲ್ಕೋಹಾಲ್ ತಾಗಿ ಇಂಕ್ ಹರಡುತ್ತದೆ.