ನೋವಿನ ಮಾತ್ರೆ, ಹೃದಯದ ಮಾತ್ರೆ ಮತ್ತು ಬಸ್ಸಿನ ಸೀಟು

ಮೆಣಸು ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಯಲ್ಲಿ ಮಂಡಿನೋವಿನ ಮಾತ್ರೆ ಖಾಲಿಯಾಗುತ್ತದೆ. ಏಣಿ ಹಿಡಿದುಕೊಂಡು ತೋಟದ ಇಳಿಜಾರಿನಲ್ಲಿ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದವರಿಗೆ ಗೊತ್ತು. ನಮ್ಮ ಪಕ್ಕದ ತೋಟದ ಮಾವ ಕೂಡ ಹಾಗೇ ಬಂದವರು. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ದಿನಾ 75 ಮಿಲಿಗ್ರಾಂ ಆಸ್ಪಿರಿನ್ ನಡೀತಾ ಇದೆ.

"ಮಗ, ಅದೇ ದಪ್ಪ ಮಾತ್ರೆ ಎರಡು ಶೀಟು ಕೊಡು" ಅಂದರು. ದಪ್ಪ ಮಾತ್ರೆ ಅಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325, ಎರಡೂ ಸೇರಿದ್ದು.

"ಯಾವಾಗ ತಗೊಳ್ತೀರಿ ಮಾವ?"

"ಬೆಳಿಗ್ಗೆ ತಿಂಡಿ ಆದ ಮೇಲೆ. ಅದು ನುಂಗಿ, ಹಿಂದೇನೇ ಹಾರ್ಟಿಂದು. ಒಂದೇ ಲೋಟ ನೀರಲ್ಲಿ ಮುಗೀತು."

ನಾನು ಶೀಟನ್ನು ಮತ್ತೆ ಡ್ರಾಯರ್ ಒಳಗೆ ಇಟ್ಟೆ. ಎಷ್ಟೋ ತಿಂಗಳಿಂದ ಇದೇ ಮಾತ್ರೆಯನ್ನು ಏನೂ ಕೇಳದೆ ಕೊಟ್ಟವನು ನಾನೇ. ಆ ತಪ್ಪು ನನ್ನದು, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಔಷಧ ಸೇರಿದರೆ ಏನಾಗುತ್ತದೆ ಅನ್ನುವುದನ್ನು ಬಿ.ಫಾರ್ಮಾದಲ್ಲಿ ನಮಗೆ ಲೆಕ್ಕದ ಹಾಗೆ ಕಲಿಸುತ್ತಾರೆ. ಒಂದಕ್ಕೆ ಒಂದು ಸೇರಿ ಎರಡಾದರೆ ಅಡಿಟಿವ್. ಮೂರಾದರೆ ಸಿನರ್ಜಿಸಂ. ಸೊನ್ನೆಯೊಂದು ಬಂದು ಪಕ್ಕದ ಒಂದನ್ನು ಎರಡು ಮಾಡಿದರೆ ಪೊಟೆನ್ಷಿಯೇಷನ್. ಒಂದಕ್ಕೆ ಒಂದು ಸೇರಿ ಅರ್ಧ ಉಳಿದರೆ ಆಂಟಗನಿಸಂ. ಪರೀಕ್ಷೆ ಬರೆಯಲು ಸಾಕು. ಆದರೆ ಈ ನಾಲ್ಕು ಹೆಸರು ಎರಡು ಮಾತ್ರೆಗಳ ಜಾತಕ ಇದ್ದ ಹಾಗೆ, ಒಮ್ಮೆ ಬರೆದರೆ ಮುಗೀತು ಅಂತ ನಾವೆಲ್ಲ ಅಂದುಕೊಂಡುಬಿಡುತ್ತೇವೆ. ಹಾಗಲ್ಲ. ಯಾವ ಪರಿಣಾಮವನ್ನು ನೋಡುತ್ತಿದ್ದೇವೆ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಮಾವನ ಅದೇ ಒಂದು ಲೋಟ ನೀರಲ್ಲಿ ಎರಡು ಬಗೆಯ ನಂಟು ಇತ್ತು.

ಮೊದಲು ಆ ದಪ್ಪ ಮಾತ್ರೆಯನ್ನೇ ನೋಡಿ. ಪ್ಯಾರಾಸಿಟಮಾಲ್ ಒಂದು ದಾರಿಯಲ್ಲಿ, ಐಬುಪ್ರೊಫೆನ್ ಇನ್ನೊಂದು ದಾರಿಯಲ್ಲಿ ನೋವು ಇಳಿಸುತ್ತವೆ. ಸಾಮಾನ್ಯವಾಗಿ ಇದನ್ನು ಅಡಿಟಿವ್ ಅಂತಾರೆ. ಇಬ್ಬರು ಆಳು ಒಂದೇ ಸಾಲಿನಲ್ಲಿ ಕಾಫಿ ಕೊಯ್ದ ಹಾಗೆ, ಇಬ್ಬರ ಬುಟ್ಟಿ ಸೇರಿದರೆ ಎಷ್ಟೋ ಅಷ್ಟೇ. ಇನ್ನು ಹೊಟ್ಟೆಯ ವಿಷಯ. ಐಬುಪ್ರೊಫೆನ್ ಹೊಟ್ಟೆಯ ಒಳಪದರಕ್ಕೆ ತೊಂದರೆ ಕೊಡುತ್ತದೆ, ಆಸ್ಪಿರಿನ್ ಕೂಡ ಕೊಡುತ್ತದೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ.

ಆದರೆ ಆಸ್ಪಿರಿನ್ ಮಾವನಿಗೆ ಕೊಟ್ಟಿದ್ದು ನೋವಿಗಲ್ಲ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ. ಆ ಕೆಲಸದ ಮಟ್ಟಿಗೆ ಐಬುಪ್ರೊಫೆನ್ ಅದಕ್ಕೆ ಅಡ್ಡ. ಇದು ಶುದ್ಧ ಆಂಟಗನಿಸಂ.

ಹೇಗೆ ಅಂತ ಮಾವನಿಗೆ ಬಸ್ಸಿನ ಲೆಕ್ಕದಲ್ಲಿ ಹೇಳಿದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಅನ್ನುವ ಸಣ್ಣ ಕಣಗಳಿವೆ, ಹೆಪ್ಪುಗಟ್ಟಿಸುವುದು ಅವುಗಳ ಕೆಲಸ. ಅದರೊಳಗೆ ಆ ಕೆಲಸಕ್ಕೆ ನೆರವಾಗುವ ಕಾಕ್ಸ್-1 ಅನ್ನುವ ಕಿಣ್ವ ಇದೆ. ಅದನ್ನು ಒಂದೇ ಒಂದು ಸೀಟು ಅಂದುಕೊಳ್ಳಿ. ಆಸ್ಪಿರಿನ್ ಬಂದು ಆ ಸೀಟಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಪ್ಲೇಟ್‌ಲೆಟ್‌ಗೆ ಹೊಸ ಕಿಣ್ವ ಮಾಡಿಕೊಳ್ಳುವ ಶಕ್ತಿ ಇಲ್ಲ, ಹಾಗಾಗಿ ಅದು ಬದುಕಿರುವ 7ರಿಂದ 10 ದಿನವೂ ಕೆಲಸ ಬಂದ್. ದಿನಕ್ಕೆ ಒಂದೇ ಸಣ್ಣ ಮಾತ್ರೆ ಸಾಕಾಗುವುದು ಇದರಿಂದಲೇ. ಆದರೆ ಆಸ್ಪಿರಿನ್‌ಗೆ ಪುರುಸೊತ್ತಿಲ್ಲ. ರಕ್ತದಲ್ಲಿ 15-20 ನಿಮಿಷಕ್ಕೆ ಅರ್ಧ ಕರಗಿಹೋಗುತ್ತದೆ. ಸಿಕ್ಕಷ್ಟು ಹೊತ್ತಿನಲ್ಲಿ ಸೀಟು ಹಿಡಿಯಬೇಕು.

ಐಬುಪ್ರೊಫೆನ್ ಏನು ಮಾಡುತ್ತದೆ ಅಂದರೆ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದುಬಿಡುತ್ತದೆ. ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಾವೆಲ್ಲ ಮಾಡಿದ್ದೇ. ಶಾಶ್ವತವಾಗಿ ಕೂರುವುದಿಲ್ಲ, ಕೆಲವು ಗಂಟೆ ಕಳೆದರೆ ಟವೆಲ್ ತೆಗೆದುಕೊಂಡು ಇಳಿಯುತ್ತದೆ. ಅಷ್ಟರಲ್ಲಿ ಆಸ್ಪಿರಿನ್ ಸೀಟು ಸಿಗದೆ ಹೊರಟೇ ಹೋಗಿರುತ್ತದೆ. ಸೀಟು ಖಾಲಿ, ಪ್ಲೇಟ್‌ಲೆಟ್ ಮತ್ತೆ ಕೆಲಸಕ್ಕೆ ಹಾಜರು.

2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನು ಮನುಷ್ಯರಲ್ಲೇ ನೋಡಿದ್ದಾರೆ. ಆಸ್ಪಿರಿನ್ ಮೊದಲು ಕೊಟ್ಟು ಎರಡು ಗಂಟೆ ಬಿಟ್ಟು ಐಬುಪ್ರೊಫೆನ್ 400 ಕೊಟ್ಟಾಗ ತೊಂದರೆ ಇರಲಿಲ್ಲ. ಕ್ರಮ ಉಲ್ಟಾ ಮಾಡಿದಾಗ ಆಸ್ಪಿರಿನ್ ಕೆಲಸ ಕೆಟ್ಟಿತು. ದಿನಕ್ಕೆ ಮೂರು ಸಲ ಐಬುಪ್ರೊಫೆನ್ ಕೊಟ್ಟಾಗ ಆಸ್ಪಿರಿನ್ ಮೊದಲು ಕೊಟ್ಟರೂ ಕೆಟ್ಟಿತು, ಯಾಕೆಂದರೆ ನಿನ್ನೆ ರಾತ್ರಿಯ ಟವೆಲ್ ಇನ್ನೂ ಸೀಟಲ್ಲೇ ಇರುತ್ತದೆ. ಪ್ಯಾರಾಸಿಟಮಾಲ್‌ನಿಂದ ಅಂಥ ಅಡ್ಡಿ ಕಾಣಲಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಸಮಯ ಹೇಳಿತು: ಆಸ್ಪಿರಿನ್ ಆಗಿ ಕನಿಷ್ಠ 30 ನಿಮಿಷ ಬಿಟ್ಟು ಐಬುಪ್ರೊಫೆನ್, ಇಲ್ಲವೇ ಆಸ್ಪಿರಿನ್‌ಗಿಂತ 8 ಗಂಟೆಗೂ ಹೆಚ್ಚು ಹೊತ್ತು ಮೊದಲು. ಆದರೆ ಇದು ಬೇಗ ಕರಗುವ ಆಸ್ಪಿರಿನ್‌ಗೆ ಮಾತ್ರ. ನಮ್ಮಲ್ಲಿ ಜಾಸ್ತಿ ಹೋಗುವ 75ರ ಮಾತ್ರೆಗೆ ಹೊಟ್ಟೆಯಲ್ಲಿ ಕರಗದ ಕೋಟಿಂಗ್ ಇರುತ್ತದೆ. ಅದು ಕರುಳಿಗೆ ಇಳಿದ ಮೇಲೆ, ನಿಧಾನವಾಗಿ ರಕ್ತ ಸೇರುತ್ತದೆ. ಅದರ ಮೇಲೆ 30 ನಿಮಿಷದ ಲೆಕ್ಕ ಹಾಕಿ ಕೂತರೆ ಮೋಸಹೋಗುತ್ತೀರಿ.

ನನಗೆ ಹೆದರಿಕೆ ಆಗುವುದು ಇನ್ನೊಂದಕ್ಕೆ. ಈ ಆಂಟಗನಿಸಂ ಗೊತ್ತೇ ಆಗುವುದಿಲ್ಲ. ಮಂಡಿನೋವು ಚೆನ್ನಾಗಿ ಇಳಿದಿರುತ್ತದೆ, ಮನುಷ್ಯ ಖುಷಿಯಾಗಿರುತ್ತಾನೆ. ಹೊಟ್ಟೆಯ ತೊಂದರೆಯಾದರೂ ಉರಿ ಅಂತಲೋ, ಮಲ ಟಾರಿನ ಹಾಗೆ ಕಪ್ಪಾಗುವುದರಿಂದಲೋ ಸುಳಿವು ಕೊಡಬಹುದು. ಸೀಟು ಖಾಲಿ ಇದೆ ಅಂತ ಪ್ಲೇಟ್‌ಲೆಟ್ ಹೇಳುವುದಿಲ್ಲ.

ಉಳಿದ ಎರಡು ಹೆಸರಿಗೂ ನನ್ನ ಕಪಾಟಿನಲ್ಲೇ ಉದಾಹರಣೆ ಇದೆ. ಎಲ್ಲರೂ "625" ಅಂತ ಕೇಳುವ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 500, ಕ್ಲಾವುಲಾನಿಕ್ ಆಸಿಡ್ 125. ಈ 125ನ್ನು ಒಂದನ್ನೇ ನುಂಗಿದರೆ ಸೋಂಕಿಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಆದರೆ ಕೆಲವು ರೋಗಾಣುಗಳು ಅಮಾಕ್ಸಿಸಿಲಿನ್ ಅನ್ನು ಕತ್ತರಿಸಿ ಹಾಕುವ ಕಿಣ್ವ ಬಿಡುತ್ತವಲ್ಲ, ಅದನ್ನು ಇದು ಹಿಡಿದು ನಿಲ್ಲಿಸುತ್ತದೆ. ತಾನು ಹೊಡೆಯುವುದಿಲ್ಲ, ಹೊಡೆಯುವವನ ಕೈ ಬಿಡಿಸುತ್ತದೆ. ಇದೇ ಪೊಟೆನ್ಷಿಯೇಷನ್. ಕೋಟ್ರೈಮಾಕ್ಸಜೋಲ್ ಬೇರೆ. ಅದರಲ್ಲಿ ಇಬ್ಬರೂ ಕೆಲಸಗಾರರೇ. ರೋಗಾಣು ಫೋಲೇಟ್ ತಯಾರಿಸುವ ದಾರಿಯನ್ನು ಸಲ್ಫಾಮೆಥಾಕ್ಸಜೋಲ್ ಒಂದು ಹಂತದಲ್ಲಿ ಕಟ್ಟುತ್ತದೆ, ಟ್ರೈಮೆಥೊಪ್ರಿಮ್ ಮುಂದಿನ ಹಂತದಲ್ಲಿ. ಒಂದೊಂದೇ ಆದರೆ ಸಾಮಾನ್ಯವಾಗಿ ಬೆಳವಣಿಗೆ ನಿಲ್ಲಿಸುತ್ತವೆ ಅಷ್ಟೇ, ಸೇರಿದರೆ ಕೊಲ್ಲಬಲ್ಲವು. ಇದು ಸಿನರ್ಜಿಸಂ. ಆದರೆ ಒಂದಕ್ಕೆ ರೋಗಾಣು ಮೊದಲೇ ಜಗ್ಗದಿದ್ದರೆ ಜೋಡಿಯ ಲಾಭ ಇಳಿಯುತ್ತದೆ.

ಒಂದು ತಕರಾರು ಇದೆ ನನಗೆ. "ಒಂದಕ್ಕೆ ಒಂದು ಸೇರಿ ಮೂರು" ಅನ್ನುವ ಲೆಕ್ಕವೇ ಸರಿಯಿಲ್ಲ. ಯಾವುದೋ ಔಷಧದ 10 ಮಿಲಿಗ್ರಾಂ ನೋವನ್ನು ಒಂದು ಅಂಕ ಇಳಿಸಿತು, 20 ಮಿಲಿಗ್ರಾಂ ಮೂರು ಅಂಕ ಇಳಿಸಿತು ಅಂತಿಟ್ಟುಕೊಳ್ಳಿ. ಆಗ ಅದು ತನ್ನ ಜೊತೆ ತಾನೇ ಸಿನರ್ಜಿಸಂ ಮಾಡಿತು ಅನ್ನಬೇಕಾಗುತ್ತದೆ, ನಗು ಬರಲ್ವಾ? ಸರಿಯಾದ ಪರೀಕ್ಷೆ ಡೋಸಿನದು. ಒಂದೇ ಪರಿಣಾಮಕ್ಕೆ ಮೊದಲನೆಯದರ ಅರ್ಧ ಡೋಸು, ಎರಡನೆಯದರ ಅರ್ಧ ಡೋಸು ಸೇರಿ ಸರಿಹೋದರೆ ಅಡಿಟಿವ್. ಕಾಲು ಕಾಲು ಡೋಸಿಗೇ ಆಗಿಹೋದರೆ ಸಿನರ್ಜಿಸಂ. ಮುಕ್ಕಾಲು ಮುಕ್ಕಾಲು ಬೇಕಾದರೆ ಆಂಟಗನಿಸಂ.

ಮಾವನ ಕತೆಗೆ ಬರೋಣ. "ಹಾಗಾದ್ರೆ ಹಾರ್ಟಿಂದು ನಾಳೆಯಿಂದ ಬಿಟ್ಟುಬಿಡ್ಲಾ?" ಅಂತ ಕೇಳಿದರು. ಬೇಡವೇ ಬೇಡ, ಸ್ಟೆಂಟ್ ಇರುವವರು ಡಾಕ್ಟರ್ ಹೇಳದೆ ಅದನ್ನು ಬಿಡಲೇಬಾರದು, ಬಿಡಬೇಕಾದ್ದು ಇದು ಅಂತ ದಪ್ಪ ಮಾತ್ರೆ ತೋರಿಸಿದೆ. ಬರೀ ಪ್ಯಾರಾಸಿಟಮಾಲ್ ಕೊಟ್ಟು, ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿಸಿದೆ. ಅವರೂ ಅದನ್ನೇ ಹೇಳಿದರು.

ಈಗ ನೋವಿನ ಮಾತ್ರೆಯ ಡ್ರಾಯರ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ರಕ್ತ ತೆಳು ಮಾಡುವ ಮಾತ್ರೆ ನಡೀತಾ ಇದೆಯಾ? ಕೇಳು." ಅದು ಗಿರಾಕಿಗಲ್ಲ, ನನಗೆ. ಮೊನ್ನೆ ಮಾವ ಬಂದು ಅದನ್ನು ಓದಿ, "ಟವೆಲ್ ಚಿತ್ರ ಹಾಕ್ಬೇಕಿತ್ತು ಮಗ" ಅಂದರು.