ಎರಡು ಕರೆಕ್ಷನ್ ಅಂದರೆ ಎಷ್ಟು?

ಹನ್ನೊಂದು ವರ್ಷದಿಂದ ಮೈಸೂರಿನಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಲೋಗೊ, ಪ್ಯಾಕೆಟ್ ಲೇಬಲ್, ಪುಸ್ತಕದ ಮುಖಪುಟ. ಮೊದಲ ನಾಲ್ಕು ವರ್ಷ ಎಲ್ಲವೂ ಬಾಯಿಮಾತಿನ ಮೇಲೇ ನಡೆಯಿತು. ಒಂದು ಸಲ ಐದು ಸಾವಿರ ಅಡ್ವಾನ್ಸ್ ತಗೊಂಡು ಒಂದು ಬ್ರೋಷರ್ ಶುರು ಮಾಡಿದೆ. ಹದಿನೇಳು ಸಲ ಬದಲಾವಣೆ ಆಯಿತು. ಕೊನೆಗೆ ಕೆಲಸ ಕೊಟ್ಟವರು "ಈ ವರ್ಷ ಬ್ರೋಷರ್ ಬೇಡ ಅಂತ ತೀರ್ಮಾನ ಆಯ್ತು ಮೇಡಂ. ಪ್ರಿಂಟೇ ಮಾಡಿಸಲಿಲ್ಲವಲ್ಲ, ಇನ್ನೇನು ಕೊಡೋದು?" ಅಂದರು. ಅವರು ಕೆಟ್ಟವರಲ್ಲ. ಕೆಲಸ ನಡುವೆ ನಿಂತರೆ ಏನು ಅಂತ ನಾವಿಬ್ಬರೂ ಮಾತೇ ಆಡಿರಲಿಲ್ಲ.

ಅಂದಿನಿಂದ ಕರಾರು ಪತ್ರ ಬರೆಯುವಾಗ ಕೆಲಸ ನಿಂತುಹೋದರೆ ಏನು ಅನ್ನುವ ಭಾಗವನ್ನೇ ಮೊದಲು ಬರೆಯುತ್ತೇನೆ. ಅದು ಸರಿಯಾಗಿ ಕೂತರೆ ಉಳಿದದ್ದು ತಾನಾಗಿ ಕೂರುತ್ತದೆ. ಹೋದ ವರ್ಷದ ಒಂದು ಕೆಲಸದ ಲೆಕ್ಕ ಹೇಳುತ್ತೇನೆ, ಫ್ರೀಲಾನ್ಸ್ ಮಾಡುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಇಬ್ಬರು ಪಾಲುದಾರರು ಸೇರಿ ಮಾವಿನಕಾಯಿ ಉಪ್ಪಿನಕಾಯಿ, ಚಟ್ನಿಪುಡಿ, ಸಾಂಬಾರ್ ಪುಡಿ ಮಾರಲು ಹೊರಟಿದ್ದರು. ಒಂದು ಲೋಗೊ, ಮೂರು ಲೇಬಲ್, ಒಟ್ಟು 40,000 ರೂಪಾಯಿ. ಏನು ಮಾಡುತ್ತೇನೆ ಅನ್ನುವುದಕ್ಕಿಂತ ಏನು ಮಾಡುವುದಿಲ್ಲ ಅನ್ನುವುದನ್ನು ಉದ್ದವಾಗಿ ಬರೆದೆ. ಫೋಟೊ ತೆಗೆಯುವುದು, ಪ್ರಿಂಟಿಂಗ್ ಉಸ್ತುವಾರಿ, ಇನ್‌ಸ್ಟಾಗ್ರಾಮ್ ಪೋಸ್ಟರ್ ಇದರಲ್ಲಿ ಸೇರಿಲ್ಲ. ಲೇಬಲ್ ಮೇಲಿನ ಪಠ್ಯ ಅವರೇ ಕೊಡಬೇಕು. ಅಂದರೆ ಸಾಮಗ್ರಿ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ, ಎಫ್ಎಸ್ಎಸ್ಎಐನ 14 ಅಂಕಿಯ ಲೈಸೆನ್ಸ್ ನಂಬರ್. ಅಂತಿಮ ಪ್ರೂಫ್ ಓದಿ ಅವರು ಒಪ್ಪಿಗೆ ಕೊಟ್ಟ ಮೇಲೆ ಆ ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದರೆ ಮರುಮುದ್ರಣದ ಖರ್ಚು ಅವರದು. ಈ ಒಂದು ಸಾಲು ಇಲ್ಲದಿದ್ದರೆ ಐದು ಸಾವಿರ ಲೇಬಲ್ ಪ್ರಿಂಟ್ ಆದ ಮೇಲೆ ನಡೆಯುವ ಜಗಳ ಬಹಳ ಕಹಿಯಾಗಿರುತ್ತದೆ.

ಇನ್ನು ಕರೆಕ್ಷನ್. "ಎರಡು ಕರೆಕ್ಷನ್ ಉಚಿತ" ಅಂತ ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು, ನಾನೂ ಹಾಗೇ ಬರೆಯುತ್ತಿದ್ದೆ. ಆದರೆ ಬರೀ ಸಂಖ್ಯೆಯಿಂದ ಏನೂ ಇತ್ಯರ್ಥವಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ನೋಟ್ ಬರುತ್ತದೆ: "ಮೇಡಂ, ಹಸಿರು ಸ್ವಲ್ಪ ಜಾಸ್ತಿ ಆಯ್ತು." ಅದನ್ನು ತಿದ್ದಿ ಕಳಿಸಿದರೆ ಬೆಳಿಗ್ಗೆ ಇನ್ನೊಬ್ಬ ಪಾಲುದಾರರು "ಮೊದಲಿನ ಹಸಿರೇ ಚೆನ್ನಾಗಿತ್ತು" ಅನ್ನುತ್ತಾರೆ. ಮಧ್ಯಾಹ್ನ ಭಾವಮೈದುನನ ಅಭಿಪ್ರಾಯ. ಇದು ಒಂದು ಕರೆಕ್ಷನ್ನೋ ಮೂರೋ?

ಹಾಗಾಗಿ ಈಗ ಅರ್ಥ ಬಿಡಿಸಿ ಬರೆಯುತ್ತೇನೆ: ಒಂದು ರೌಂಡ್ ಅಂದರೆ, ನಿಮ್ಮ ಕಡೆಯ ಎಲ್ಲರ ಮಾತನ್ನೂ ಒಟ್ಟು ಮಾಡಿ, ನೀವು ಹೆಸರಿಸಿದ ಒಬ್ಬರು, ಒಂದೇ ಸಲ ಬರಹದಲ್ಲಿ ಕಳಿಸುವ ಪಟ್ಟಿ. ಆ ಪಟ್ಟಿಯಲ್ಲಿ ಇಪ್ಪತ್ತು ಅಂಶ ಇದ್ದರೂ ಅದು ಒಂದೇ ರೌಂಡ್. ಒಪ್ಪಿದ ವಿನ್ಯಾಸದ ಒಳಗೆ ಬಣ್ಣ, ಅಕ್ಷರದ ಗಾತ್ರ, ಜಾಗ ಬದಲಿಸುವುದು ಕರೆಕ್ಷನ್. "ಮಡಕೆ ಚಿತ್ರ ಬೇಡ, ಅಜ್ಜಿ ಚಿತ್ರ ಹಾಕಿ" ಅಂದರೆ ಅದು ಹೊಸ ಕೆಲಸ, ಅದಕ್ಕೆ ಬೇರೆ ದರ. ನನ್ನ ಕಾಗುಣಿತ ತಪ್ಪಿದ್ದರೆ ಅದನ್ನು ತಿದ್ದುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ, ಎಷ್ಟು ಸಲವಾದರೂ ಉಚಿತ. ಲೋಗೊಗೆ ಎರಡು ರೌಂಡ್, ಪ್ರತಿ ಲೇಬಲ್‌ಗೆ ಎರಡು. ಅದರ ಮೇಲೆ ರೌಂಡಿಗೆ 1,500. ಇಷ್ಟು ಬರೆದ ಮೇಲೆ ಆ ದರ ವಸೂಲಿ ಮಾಡುವ ಪ್ರಸಂಗವೇ ಅಪರೂಪ.

ದುಡ್ಡನ್ನು ಮೂರು ಹಂತಕ್ಕೆ ಹಂಚಿದೆ. ಶುರುವಿಗೆ 16,000, ಇದು ಮೂರು ಲೋಗೊ ಕರಡು ತೋರಿಸುವವರೆಗಿನ ಕೆಲಸಕ್ಕೆ. ಲೋಗೊ ಅಂತಿಮವಾಗಿ ಮೊದಲ ಲೇಬಲ್ ಒಪ್ಪಿಗೆಯಾದಾಗ 14,000. ಉಳಿದ 10,000 ಬಂದ ಮೇಲೆ ಪ್ರಿಂಟಿಂಗ್ ಫೈಲ್ ಕೈಗೆ. ಅಲ್ಲಿಯವರೆಗೆ ಅವರಿಗೆ ಹೋಗುವುದು ವಾಟರ್‌ಮಾರ್ಕ್ ಹಾಕಿದ, ಕಡಿಮೆ ರೆಸಲ್ಯೂಷನ್‌ನ ಪಿಡಿಎಫ್ ಮಾತ್ರ.

ನಿಲ್ಲಿಸುವ ಷರತ್ತು ಈ ಹಂತಗಳ ಮೇಲೇ ನಿಂತಿತ್ತು: ಮುಗಿದ ಹಂತಕ್ಕೆ ಪೂರ್ತಿ, ಶುರುವಾಗಿ ಅರ್ಧಕ್ಕೆ ನಿಂತ ಹಂತಕ್ಕೆ ಅರ್ಧ, ಶುರುವಾಗದ ಹಂತಕ್ಕೆ ಏನೂ ಇಲ್ಲ. ನಾನೇ ಬಿಟ್ಟರೆ ಮುಗಿಸದ ಹಂತಕ್ಕೆ ತಗೊಂಡ ಹಣವನ್ನು ಏಳು ದಿನದಲ್ಲಿ ವಾಪಸ್ ಕೊಡಬೇಕು. ಈ ಸಾಲು ಇಲ್ಲದ ಕರಾರು ನನಗೆ ನ್ಯಾಯ ಅನಿಸುವುದಿಲ್ಲ. ಇನ್ನೊಂದು ಮಾತು, ಎಷ್ಟೋ ಕೆಲಸ ಯಾರೂ "ಬೇಡ" ಅನ್ನದೇ ಸತ್ತುಹೋಗುತ್ತದೆ. ಫೋನ್ ಎತ್ತುವುದಿಲ್ಲ, ಅಷ್ಟೇ. ಅದಕ್ಕೇ 30 ದಿನ ಉತ್ತರ ಬಾರದಿದ್ದರೆ ಕೆಲಸ ತಡೆಹಿಡಿದಂತೆ, 60 ದಿನವಾದರೆ ರದ್ದಾದಂತೆ ಅಂತ ಸೇರಿಸಿದ್ದೇನೆ.

ಗೆಳೆಯರೊಬ್ಬರು "ರದ್ದು ಮಾಡಿದರೆ ಪೂರ್ತಿ ದುಡ್ಡು ಕೊಡಬೇಕು ಅಂತ ಬರೆದುಬಿಡು" ಅಂದಿದ್ದರು. ಹಾಗೆ ಬರೆದರೆ ಹೆದರಿಸಬಹುದು, ಆದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಬರೆದ ದಂಡದ ಮೊತ್ತ ಒಂದು ಮಿತಿ ಮಾತ್ರ, ಅದರೊಳಗೆ ಸಿಗುವುದು ಸಮಂಜಸವಾದ ಪರಿಹಾರ. ಆದ್ದರಿಂದ ಮೊತ್ತ ಮಾಡಿದ ಕೆಲಸಕ್ಕೆ ಹೊಂದಿಕೊಂಡಿರಬೇಕು.

ಉಪ್ಪಿನಕಾಯಿಯವರ ಕೆಲಸದಲ್ಲಿ ಲೋಗೊ ಆಯ್ಕೆಯಾಗಿ, ಮೊದಲ ರೌಂಡ್ ಕರೆಕ್ಷನ್ ಮುಗಿದಿತ್ತು. ಆಗ ಪಾಲುದಾರರಿಬ್ಬರೂ ಬೇರೆಯಾದರು. ಕೆಲಸ ಎರಡನೇ ಹಂತದ ಮಧ್ಯದಲ್ಲಿ ನಿಂತಿತು. ಮೊದಲ ಹಂತದ 16,000 ಬಂದಿತ್ತು, ಎರಡನೆಯದರ ಅರ್ಧ 7,000 ಬಾಕಿ. ಕರಾರಿನ ಆ ಪುಟದ ಫೋಟೊ ಜೊತೆ ಬಿಲ್ ಕಳಿಸಿದೆ. ವಾರದೊಳಗೆ ದುಡ್ಡು ಬಂತು, ಒಂದು ಮಾತೂ ಬೆಳೆಯಲಿಲ್ಲ. ಒಪ್ಪಿಗೆಯಾಗದ ಕರಡುಗಳ ಹಕ್ಕು ನನ್ನಲ್ಲೇ ಉಳಿಯಿತು.

ಹಕ್ಕಿನ ವಿಷಯದಲ್ಲಿ ಒಂದು ಎಚ್ಚರ. ಮಾಮೂಲಿ ಒಪ್ಪಂದ ಇಮೇಲ್‌ನಲ್ಲಿ "ಒಪ್ಪಿದ್ದೇನೆ" ಅಂದರೂ ನಡೆಯುತ್ತದೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಅದಕ್ಕೆ ಜಾಗ ಕೊಟ್ಟಿದೆ. ಆದರೆ ಕಾಪಿರೈಟ್ ವರ್ಗಾವಣೆಗೆ ಸಹಿ ಇರುವ ಬರಹ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಅದು ಐದೇ ವರ್ಷಕ್ಕೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಲೋಗೊ ಮಾಡಿಸಿಕೊಳ್ಳುವವರೇ ಕೇಳಿ ಬರೆಸಿಕೊಳ್ಳಬೇಕಾದ ಸಾಲು ಇದು. ನಾನಂತೂ ಪೂರ್ತಿ ಹಣ ಬಂದ ದಿನದಿಂದ, ಕಾಪಿರೈಟ್ ಇರುವಷ್ಟು ಕಾಲ, ಎಲ್ಲ ದೇಶಗಳಿಗೂ ಅಂತ ಬರೆದುಕೊಡುತ್ತೇನೆ.

ಜನವರಿಯಲ್ಲಿ ಆ ಇಬ್ಬರಲ್ಲಿ ಒಬ್ಬರು ಫೋನ್ ಮಾಡಿದರು. "ಒಬ್ಬನೇ ಶುರು ಮಾಡ್ತಿದೀನಿ ಮೇಡಂ, ಉಳಿದ ಕೆಲಸ ಮುಗಿಸಿಕೊಡ್ತೀರಾ?" ಮನೆಗೆ ಬಂದರು, ಉಳಿದ 17,000ಕ್ಕೆ ಹೊಸ ಕಾಗದ ಮಾಡಿದೆವು. ಕರೆಕ್ಷನ್ ಕಳಿಸುವವರ ಹೆಸರು ಅನ್ನುವ ಖಾಲಿ ಜಾಗ ಬಂದಾಗ ಪೆನ್ನು ತಗೊಂಡು ತಮ್ಮ ಹೆಸರು ಬರೆದು, ಪಕ್ಕದಲ್ಲಿ "ನಾನೊಬ್ಬನೇ" ಅಂತ ಸೇರಿಸಿ ಅಡಿಗೆರೆ ಎಳೆದರು.