ಚೀಲದ ತೂಕ ಕಳೆದ್ರಾ?

ತಿಪಟೂರಿನ ನಮ್ಮ ದಿನಸಿ ಅಂಗಡಿಯಲ್ಲಿ ನನ್ನ ಗಂಟಲಿಗೆ ಒಳ್ಳೆ ಹೆಸರಿತ್ತು. ಅಪ್ಪ ಹಿಂದಿನ ಗೋಡೌನಿನಲ್ಲಿ ಚೀಲ ಜೋಡಿಸುತ್ತಿದ್ದರೆ, ನಾನು ಗಲ್ಲಾಪೆಟ್ಟಿಗೆ ಬಿಟ್ಟು ಏಳದೆ "ಅಪ್ಪಾ, ಹೆಸರುಬೇಳೆ ಎಷ್ಟಕ್ಕೆ ಕೊಡ್ಲೀ?" ಎಂದು ಕೂಗುತ್ತಿದ್ದೆ. ಅಪ್ಪ ಬಾಯಿ ಬಿಡುವಷ್ಟರಲ್ಲಿ ಎದುರುಗಡೆ ಟೈಲರ್ ಅಂಗಡಿಯವರು ರೇಟು ಹೇಳಿರುತ್ತಿದ್ದರು.

ಅಂಥ ಗಂಟಲು ಬೆಂಗಳೂರಿನಲ್ಲಿ ಕೈಕೊಟ್ಟಿತು.

ಅಂಗಡಿ ಸಹವಾಸವೇ ಬೇಡ ಅಂತ ಎಂ.ಕಾಂ. ಮಾಡಿದವಳು ನಾನು. ಸಿಕ್ಕಿದ್ದು ಮನೆ ಬಾಗಿಲಿಗೆ ದಿನಸಿ ತಲುಪಿಸುವ ಕಂಪನಿಯಲ್ಲಿ ಸ್ಟಾಕ್ ಲೆಕ್ಕ ನೋಡುವ ಕೆಲಸ. ಬೇಳೆ ನನ್ನನ್ನು ಬಿಡಲಿಲ್ಲ. ಸೇರಿದ ಮೂರನೇ ದಿನಕ್ಕೇ ಟೀಮ್ ಮೀಟಿಂಗ್. ಅರ್ಧ ಜನ ರೂಮಿನಲ್ಲಿ, ಇನ್ನರ್ಧ ಗೋಡೆಯ ಪರದೆಯಲ್ಲಿ. ಲಿಂಕ್ ಕಳಿಸಿದ್ದಾರಲ್ಲ ಅಂತ ನಾನು ಪಾಪ, ರೂಮಿನೊಳಗೇ ಕೂತು ನನ್ನ ಲ್ಯಾಪ್‌ಟಾಪಿನಿಂದಲೂ ಮೀಟಿಂಗಿಗೆ ಸೇರಿಕೊಂಡೆ. ಪರಿಚಯ ಹೇಳಿ ಅಂದರು. "ನಮಸ್ಕಾರ" ಎಂದೆ. ನನ್ನ ನಮಸ್ಕಾರ ಗೋಡೆಯ ಸ್ಪೀಕರಿನಿಂದ ಹೊರಟು, ನನ್ನ ಮೈಕಿಗೆ ಹೊಕ್ಕು, ಮತ್ತೆ ಗೋಡೆಗೆ ಹೋಗಿ, ಊರ ಜಾತ್ರೆಯ ಮೈಕ್ ಥರ ಕುಯ್ಯೋ ಎಂದು ಕಿರುಚಿತು. ಹನ್ನೊಂದು ಜನ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಲ್ಯಾಪ್‌ಟಾಪ್ ಮುಚ್ಚಿದೆ. ಜೊತೆಗೆ ಬಾಯಿಯನ್ನೂ.

ಮ್ಯಾನೇಜರ್ ಒಳ್ಳೆಯವರು. "ಪರವಾಗಿಲ್ಲ, ನನ್ನನ್ನ ಸರ್ ಅನ್ನಬೇಡಿ, ಹೆಸರು ಹಿಡಿದೇ ಕರೀರಿ" ಎಂದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಹೆಸರು ಹಿಡಿದು ಕರೆಯೋಕೆ ನಾಲಿಗೆ ಹೊರಳಲಿಲ್ಲ. ಗಡಿಬಿಡಿಯಲ್ಲಿ "ಆಯ್ತಣ್ಣ" ಎಂದುಬಿಟ್ಟೆ. ಪರದೆಯಲ್ಲಿದ್ದ ಒಬ್ಬಳು ಕ್ಯಾಮೆರಾ ಆಫ್ ಮಾಡಿಕೊಂಡು ನಕ್ಕಳು. ನಕ್ಕಿದ್ದು ಅಂತ ಹೇಗೆ ಗೊತ್ತು ಅಂದರೆ, ಮೈಕ್ ಆಫ್ ಮಾಡೋದು ಮರೆತಿದ್ದಳು.

ಆಮೇಲೆ ಶ್ರಿಂಕೇಜ್ ಎಂಬ ವಿಷಯ ಬಂತು. ಶ್ರಿಂಕ್ ಅಂದರೆ ನನಗೆ ಗೊತ್ತಿದ್ದುದು ಒಗೆದ ಮೇಲೆ ಮಂಡಿಗೆ ಏರುವ ಚೂಡಿದಾರ್ ಪ್ಯಾಂಟ್ ಮಾತ್ರ. ಇಲ್ಲಿ ಅದರ ಅರ್ಥ, ಲೆಕ್ಕದಲ್ಲಿ ಇರುವ ಮಾಲು ಕಪಾಟಿನಲ್ಲಿ ಇಲ್ಲದಿರುವುದು. ನೆಲಮಂಗಲ ಹತ್ತಿರದ ಗೋದಾಮಿಗೆ ವಾರಕ್ಕೆ 50 ಕೆಜಿಯ 40 ಚೀಲ ತೊಗರಿಬೇಳೆ ಬರುತ್ತದೆ. ಅಲ್ಲೇ ಅರ್ಧ ಕೆಜಿ ಪೊಟ್ಟಣ ಕಟ್ಟುತ್ತಾರೆ. ಚೀಲಕ್ಕೆ 100 ಪೊಟ್ಟಣ ಆಗಬೇಕು, ಒಟ್ಟು 4000. ಆದರೆ ಆ ವಾರ 91 ಪೊಟ್ಟಣ ಕಮ್ಮಿ. ಅದರ ಹಿಂದಿನ ವಾರವೂ ಹೆಚ್ಚುಕಮ್ಮಿ ಅಷ್ಟೇ. ಒಬ್ಬರು ಬಣ್ಣಬಣ್ಣದ ಗ್ರಾಫ್ ತೋರಿಸಿದರು. ಇನ್ನೊಬ್ಬರು ಎರಡು ಕ್ಯಾಮೆರಾ ಹಾಕಿಸೋಣ ಎಂದರು. ಮತ್ತೊಬ್ಬರು, ಪೊಟ್ಟಣ ಕಟ್ಟುವ ಹುಡುಗರು ಮನೆಗೆ ಹೋಗುವಾಗ ಗೇಟಿನಲ್ಲಿ ಅವರ ಬ್ಯಾಗು ತಪಾಸಣೆ ಮಾಡಿಸೋಣ ಎಂದರು. ಎಲ್ಲರೂ ತಲೆಯಾಡಿಸಿದರು.

ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನೂ ಹೀಗೇ ಲೆಕ್ಕ ತಪ್ಪಿ, ಅಂಗಡಿಯಲ್ಲಿದ್ದ ಹುಡುಗನ ಮೇಲೆ ಅನುಮಾನಪಟ್ಟಿದ್ದರು. ಎರಡು ದಿನ ಅವನ ಜೊತೆ ಮಾತಿಲ್ಲ, ಅವನಿಗೆ ಕಾಫಿಯೂ ಇಲ್ಲ. ಮೂರನೇ ದಿನ ಅಮ್ಮ ಒಂದೇ ಒಂದು ಮಾತು ಕೇಳಿದರು. ಆ ಮಾತು ಈಗ ನನ್ನ ಬಾಯಿಂದ ಬಂತು. ಬಂದಿದ್ದು ಆಫೀಸಿನ ದನಿಯಲ್ಲಿ ಅಲ್ಲ, ಗಲ್ಲಾಪೆಟ್ಟಿಗೆಯ ದನಿಯಲ್ಲಿ.

"ಚೀಲದ ತೂಕ ಕಳೆದ್ರಾ?"

ರೂಮು ಗಪ್ ಚುಪ್. ಗಾಜಿನ ಗೋಡೆಯಾಚೆ ನೀರು ಕುಡಿಯುತ್ತಿದ್ದವರೂ ತಿರುಗಿ ನೋಡಿದರು. ಪರದೆಯ ಮೂಲೆಯಲ್ಲಿ ಗೋದಾಮಿನ ಸೂಪರ್‌ವೈಸರ್ ಇದ್ದರು. ಅಲ್ಲಿವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. "ಇಲ್ಲಮ್ಮ, ಚೀಲ ಸಮೇತ ಪ್ಲಾಟ್‌ಫಾರಂ ತಕ್ಕಡಿ ಮೇಲೆ ಇಡ್ತೀವಿ. 50 ಬಂದ್ರೆ ಸರಿ ಅಂತ ಬರ್ಕೋತೀವಿ" ಎಂದರು.

"ಒಂದು ಖಾಲಿ ಗೋಣಿಚೀಲ ತೂಕಕ್ಕೆ ಹಾಕಿ ಅಣ್ಣ."

ಫೋನ್ ಕೈಯಲ್ಲಿ ಹಿಡಿದೇ ಹೋದರು. ಪರದೆ ತುಂಬಾ ಅವರ ಚಪ್ಪಲಿ, ನೆಲ, ಬೇಳೆ ಹೊಟ್ಟು. ಆಮೇಲೆ ಚಿಕ್ಕ ತಕ್ಕಡಿಯ ಕೆಂಪು ಅಂಕಿ: 610 ಗ್ರಾಂ. ಅಂದರೆ ನಾವು ಪ್ರತಿ ಚೀಲದಲ್ಲಿ 610 ಗ್ರಾಂ ಗೋಣಿಯನ್ನು ಬೇಳೆ ಅಂತ ಬರೆದುಕೊಳ್ಳುತ್ತಿದ್ದೆವು. ಒಳಗೆ ಇರುವುದು 49 ಕೆಜಿ 390 ಗ್ರಾಂ.

"ಈಗ ಕಟ್ಟಿಟ್ಟ ಪೊಟ್ಟಣ ಹತ್ತು ಒಟ್ಟಿಗೆ ಇಡಿ." ಒಂದೊಂದೇ ಇಟ್ಟರೆ ಏನೂ ಗೊತ್ತಾಗಲ್ಲ. ಆ ತಕ್ಕಡಿ ಐದೈದು ಗ್ರಾಂ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ. ಹತ್ತು ಇಟ್ಟಾಗ 5 ಕೆಜಿ 80 ಬಂತು. ಖಾಲಿ ಕವರು ಹತ್ತಕ್ಕೆ 30 ಗ್ರಾಂ. ಅದನ್ನು ಕಳೆದರೆ ಪೊಟ್ಟಣಕ್ಕೆ 505 ಗ್ರಾಂ ಬೇಳೆ.

ಇದರಲ್ಲೂ ಹುಡುಗರ ತಪ್ಪಿಲ್ಲ. ತಕ್ಕಡಿ 495 ಮತ್ತು 500ರ ನಡುವೆ ಮಿಣಮಿಣ ಅನ್ನುತ್ತಿರುತ್ತದೆ. ಕವರಿನ ಮೇಲೆ 500 ಗ್ರಾಂ ಅಂತ ಅಚ್ಚಾಗಿದೆ. ತೂಕ ಕಮ್ಮಿ ಅಂತ ಇನ್‌ಸ್ಪೆಕ್ಟರ್ ಹಿಡಿದರೆ ದಂಡ, ಜಾಸ್ತಿ ಹಾಕಿದರೆ ಕೇಳೋರಿಲ್ಲ. ಯಾರಾದರೂ ಇನ್ನೊಂದು ಚಿಟಿಕೆ ಹಾಕಿಯೇ ಕವರು ಮುಚ್ಚುತ್ತಾರೆ. ನಾನೂ ಹಾಗೇ ಕಟ್ಟಿದವಳು.

ವೈಟ್‌ಬೋರ್ಡಿಗೆ ಹೋದೆ. ಮಾರ್ಕರ್ ಬರೆಯಲಿಲ್ಲ. ಇನ್ನೊಂದು ಕೊಟ್ಟರು, ಅದು ಅಳಿಸದ ಮಾರ್ಕರ್ ಅಂತ ಆಮೇಲೆ ಗೊತ್ತಾಯಿತು. 49 ಕೆಜಿ 390 ಗ್ರಾಮನ್ನು 505ರಿಂದ ಭಾಗಿಸಿದರೆ 97 ಪೊಟ್ಟಣ, ಮೇಲೆ 405 ಗ್ರಾಂ ಉಳಿಯುತ್ತದೆ. ಆ ಉಳಿಕೆಯನ್ನು ಮುಂದಿನ ಚೀಲಕ್ಕೆ ಸುರಿಯುತ್ತಾರೆ. ಹಾಗಾಗಿ ಚೀಲಕ್ಕೆ ಮೂರು ಅಂತ ಕಳೆಯದೆ, 40 ಚೀಲದ ಬೇಳೆ ಒಟ್ಟು ಮಾಡಿ ಭಾಗಿಸಬೇಕು. ಬಾಯಲ್ಲೇ ಮಾಡಿದೆ. 3912 ಬಂತು. 4000ದಲ್ಲಿ ಕಳೆದರೆ 88.

"91 ಅಲ್ವಾ ಕಮ್ಮಿ ಇರೋದು? ಇನ್ನು ಮೂರು?" ಎಂದರು ಗ್ರಾಫಿನವರು. ಅವರ ಮುಖದಲ್ಲಿ ಇನ್ನೂ ಆಸೆಯಿತ್ತು.

"ಅದು ಚೆಲ್ಲಿದ್ದು, ಕವರು ಹರಿದಿದ್ದು, ಇಲ್ಲಾಂದ್ರೆ ಇಲಿ" ಎಂದೆ. "ಇಲಿ ಲೆಕ್ಕ ನಂಗೆ ಬರಲ್ಲ."

ಸೂಪರ್‌ವೈಸರ್ ಪರದೆಯ ಮೂಲೆಯಿಂದ, "ಇದೆ ಇದೆ, ಇಲಿ ಇದೆ. ಎರಡು ಸಲ ಮೇಲ್ ಹಾಕಿದೀನಿ" ಎಂದರು.

ಕ್ಯಾಮೆರಾ ವಿಚಾರ ಅಲ್ಲಿಗೇ ನಿಂತಿತು. ಇನ್ನು ಮೇಲೆ ಚೀಲದ ತೂಕ ಕಳೆದು ಬರೆಯಬೇಕು, ಒಂದೊಂದೇ ಗ್ರಾಂ ತೋರಿಸುವ ತಕ್ಕಡಿ ತರಿಸಬೇಕು ಅಂತಾಯಿತು. ಇಲಿಬೋನಿನ ವಿಚಾರವನ್ನು ಮುಂದಿನ ಮೀಟಿಂಗಿಗೆ ಹಾಕಿದರು. ನನ್ನ ಲೆಕ್ಕ ಮಾತ್ರ ಬೋರ್ಡಿನಲ್ಲಿ ಹಾಗೇ ಇದೆ. ಹೌಸ್‌ಕೀಪಿಂಗ್ ಅಕ್ಕ ಉಜ್ಜಿ ಉಜ್ಜಿ ಸಾಕಾಗಿ, ನನ್ನನ್ನು ಕಂಡಾಗಲೆಲ್ಲ ಗುರಾಯಿಸುತ್ತಾರೆ. ಮ್ಯಾನೇಜರಿಗೆ ಈಗ ಎಲ್ಲರೂ ಅಣ್ಣ ಅಂತಾರೆ. ಹೈದರಾಬಾದಿನಿಂದ ಸೇರುವವರೂ ಅಣ್ಣ ಅಂತಲೇ ಅಂತಾರೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಶಭಾಷ್ ಅಂತಾರೆ ಅಂತ ಕಾದೆ. ಆ ಕಡೆಯಿಂದ ಅಂಗಡಿ ಬಾಗಿಲು ಎಳೆಯುವ ಸದ್ದು ಬಂತು. ಆಮೇಲೆ ಅಪ್ಪ ಕೇಳಿದರು.

"ಅದ್ಸರಿ, ವಾರಕ್ಕೆ 40 ಖಾಲಿ ಗೋಣಿಚೀಲ. ಅದನ್ನ ಯಾರಿಗೆ ಮಾರ್ತಾರಂತೆ?"

"ಗೊತ್ತಿಲ್ಲಪ್ಪ. ಎಸೀತಾರೇನೋ."

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ದೂರದಿಂದ, ಅಮ್ಮನನ್ನು ಕೂಗಿದ್ದು ಕೇಳಿಸಿತು. "ಲೇ, ಇಲ್ಲಿ ಕೇಳು. ಅವರು ಚೀಲ ಎಸೀತಾರಂತೆ ಕಣೇ!"